ಎಂಡೋಸ್ಕೋಪಿಕ್ ರೆಟ್ರೋಗ್ರೇಡ್ ಕೊಲಾಂಜಿಯೋಪ್ಯಾಂಕ್ರಿಯಾಟೋಗ್ರಫಿ

ಎಂಡೋಸ್ಕೋಪಿಕ್ ರೆಟ್ರೋಗ್ರೇಡ್ ಕೊಲಾಂಜಿಯೋಪ್ಯಾಂಕ್ರಿಯಾಟೋಗ್ರಫಿ ಅಥವಾ ಇಆರ್‌ಸಿಪಿ ಎಂಬುದು ಪಿತ್ತನಾಳ ಹಾಗೂ ಮೇದೋಜ್ಜೀರಕ ನಾಳದ ತಡೆಗಳನ್ನು ಗುರುತಿಸಿ ನಿವಾರಿಸುವ ವೈದ್ಯಕೀಯ ವಿಧಾನ. 1968ರಲ್ಲಿ ರೋಗಪತ್ತೆಯ ಪರೀಕ್ಷೆಯಾಗಿ ಆರಂಭವಾದ ಇದು ಇಂದು ಮುಖ್ಯವಾಗಿ ಚಿಕಿತ್ಸೆಗೆ ಬಳಕೆಯಾಗುತ್ತದೆ.

ವಿಧಾನ

ಪಕ್ಕನೋಟದ ಎಂಡೋಸ್ಕೋಪನ್ನು ಬಾಯಿಯ ಮೂಲಕ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಸಲಾಗುತ್ತದೆ. ಅಲ್ಲಿ ನಾಳಗಳು ತೆರೆದುಕೊಳ್ಳುವ ದ್ವಾರದೊಳಗೆ ತೆಳುವಾದ ನಳಿಕೆಯನ್ನು ತೂರಿಸಿ, ಬಣ್ಣದ್ರವವನ್ನು ಹರಿಸಿ, ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ನಾಳದಲ್ಲಿ ಕಲ್ಲು ಕಂಡರೆ ದ್ವಾರದ ಸ್ನಾಯುವನ್ನು ಕೊಯ್ದು, ಬಲೂನು ಅಥವಾ ತಂತಿಬುಟ್ಟಿಯಿಂದ ಅದನ್ನು ಹೊರಗೆಳೆಯುತ್ತಾರೆ. ನಾಳ ಕಿರಿದಾಗಿದ್ದರೆ ಸ್ಟೆಂಟ್ ಇಡುತ್ತಾರೆ.

ಅಪಾಯಗಳು

ಹೆಚ್ಚಾಗಿ ಕಾಣುವ ತೊಡಕು ಮೇದೋಜ್ಜೀರಕ ಗ್ರಂಥಿಯ ಉರಿಯೂತ. ಇದು ನೂರು ರೋಗಿಗಳಲ್ಲಿ ಸುಮಾರು 3ರಿಂದ 10 ಮಂದಿಗೆ ಬರುತ್ತದೆ. ಬೆನ್ನಿಗೆ ಹರಡುವ ಮೇಲ್ಹೊಟ್ಟೆಯ ನೋವು ಹಾಗೂ ರಕ್ತದಲ್ಲಿ ಏರಿದ ಅಮೈಲೇಸ್ ಇದರ ಸೂಚನೆಗಳು. ರಕ್ತಸ್ರಾವ, ಸೋಂಕು ಮತ್ತು ವಿರಳವಾಗಿ ಕರುಳು ತೂತಾಗುವುದೂ ಉಂಟು.

ಎಂಆರ್‌ಸಿಪಿ ಯಾವಾಗ?

ಕಾಂತೀಯ ಅನುರಣನ ಚಿತ್ರಣದ ಒಂದು ಬಗೆಯಾದ ಎಂಆರ್‌ಸಿಪಿಯಲ್ಲಿ ನಾಳದೊಳಗಿನ ದ್ರವವೇ ಬೆಳ್ಳಗೆ ಕಾಣುವುದರಿಂದ ದೇಹದೊಳಗೆ ಉಪಕರಣ ತೂರಿಸಬೇಕಿಲ್ಲ. ಉದಾಹರಣೆಗೆ, ಪಿತ್ತಕೋಶದಲ್ಲಿ ಕಲ್ಲುಗಳಿರುವ ರೋಗಿಯ ಯಕೃತ್ ಪರೀಕ್ಷೆಗಳು ತುಸು ಏರಿದ್ದು, ಅಲ್ಟ್ರಾಸೌಂಡಿನಲ್ಲಿ ನಾಳದ ಕಲ್ಲು ಕಾಣದಿದ್ದರೆ ಮೊದಲು ಎಂಆರ್‌ಸಿಪಿ ಸೂಕ್ತ. ಕಲ್ಲಿಲ್ಲವೆಂದು ತಿಳಿದರೆ ಇಆರ್‌ಸಿಪಿಯ ಅಪಾಯ ತಪ್ಪುತ್ತದೆ. ಆದರೆ ಅತಿ ಸಣ್ಣ ಕಲ್ಲುಗಳು ಇದರ ಕಣ್ತಪ್ಪಬಹುದು. ಕಂಡ ಕಲ್ಲನ್ನು ತೆಗೆಯಲೂ ಇದರಿಂದಾಗದು. ಜ್ವರ, ಕಾಮಾಲೆಗಳೊಂದಿಗೆ ನಾಳದಲ್ಲಿ ಕಲ್ಲು ಖಚಿತವಾಗಿದ್ದರೆ ನೇರವಾಗಿ ಇಆರ್‌ಸಿಪಿಯನ್ನೇ ಮಾಡಲಾಗುತ್ತದೆ.