ಫೋನಿನಿಂದ ಕಾರಿನ ಸ್ಕ್ರೀನಿಗೆ

ಕಾರಿಗೆ ಜೋಡಿಸಿದ ಫೋನಿನಿಂದ ಕರೆಯ ಮಾತು ಒಂದು ದಾರಿಯಲ್ಲಿ ಬಂದರೆ ಹಾಡು ಇನ್ನೊಂದು ದಾರಿಯಲ್ಲಿ ಬರುತ್ತದೆ. ಮ್ಯಾಪಿನ ಚಿತ್ರಕ್ಕೆ ಮೂರನೆಯದೇ ಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಸ್ಕ್ರೀನಿನಲ್ಲಿ ಮೂರೂ ಅಕ್ಕಪಕ್ಕದಲ್ಲೇ ಕಾಣುವುದರಿಂದ, ದಾರಿಗಳು ಬೇರೆ ಬೇರೆ ಎಂಬುದು ತಿಳಿಯುವುದು ಅವುಗಳಲ್ಲೊಂದು ಕೈಕೊಟ್ಟಾಗಲೇ. ಹಾಡು ಚೆನ್ನಾಗಿ ಕೇಳುತ್ತಿರುತ್ತದೆ, ಕರೆ ಬಂದರೆ ಮಾತು ಫೋನಿನಲ್ಲೇ ಉಳಿಯುತ್ತದೆ. ಅಥವಾ ಕೇಬಲ್ ಹಾಕಿದರೆ ಫೋನು ಚಾರ್ಜ್ ಆಗುತ್ತದೆ, ಮ್ಯಾಪ್ ಮಾತ್ರ ಬರುವುದಿಲ್ಲ. ಯಾವ ಸರಕು ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದು ಗೊತ್ತಿದ್ದರೆ ಇಂಥ ದೋಷಗಳಲ್ಲಿ ಹೆಚ್ಚಿನವು ಶೋರೂಮಿನ ತನಕ ಹೋಗಬೇಕಾಗಿಲ್ಲ.

ಬ್ಲೂಟೂತ್ ಎಂಬುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಹತ್ತು ಮೀಟರಿನ ಆಸುಪಾಸು ಕೆಲಸ ಮಾಡುವ ಸಣ್ಣ ರೇಡಿಯೊ. ಮೊದಲ ಸಲ ಜೋಡಿಸುವಾಗ ಕಾರನ್ನು ನಿಲ್ಲಿಸಿರಬೇಕು. ಅನೇಕ ಕಾರುಗಳು ಓಡುವಾಗ ಈ ಕೆಲಸಕ್ಕೆ ಒಪ್ಪುವುದೇ ಇಲ್ಲ. ಕಾರಿನ ಸ್ಕ್ರೀನಿನಲ್ಲಿ ಹೊಸ ಫೋನು ಸೇರಿಸುವ ಪುಟ ತೆರೆದು, ಫೋನಿನ ಬ್ಲೂಟೂತ್ ಪುಟದಲ್ಲಿ ಕಾರಿನ ಹೆಸರನ್ನು ಒತ್ತಿದಾಗ ಎರಡೂ ಕಡೆ ಆರು ಅಂಕಿಗಳ ಒಂದು ಸಂಖ್ಯೆ ಮೂಡುತ್ತದೆ. ಅದನ್ನು ಎಲ್ಲಿಯೂ ಟೈಪ್ ಮಾಡಬೇಕಿಲ್ಲ. ಎರಡೂ ಒಂದೇ ಎಂದು ಕಣ್ಣಲ್ಲಿ ನೋಡಿ ಒಪ್ಪಿಗೆ ಕೊಟ್ಟರೆ ಸಾಕು. ಪಕ್ಕದ ಕಾರಿನವರ ಫೋನಿಗೆ ತಪ್ಪಿ ಗಂಟು ಬೀಳದಂತೆ ಇರುವ ವ್ಯವಸ್ಥೆ ಇದು. ಹಳೆಯ ಸ್ಟೀರಿಯೊಗಳಲ್ಲಿ ಮಾತ್ರ 0000 ಅಥವಾ 1234 ಎಂದು ಒತ್ತಬೇಕಾಗುತ್ತಿತ್ತು.

ಒಪ್ಪಿಗೆ ಸಿಕ್ಕ ಕೂಡಲೇ ಎರಡೂ ಸೇರಿ ಒಂದು ಗುಪ್ತ ಕೀಲಿಯನ್ನು ಹುಟ್ಟಿಸಿ, ತಮ್ಮ ತಮ್ಮಲ್ಲಿ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುತ್ತವೆ. ಮರುದಿನ ಇಗ್ನಿಷನ್ ಆನ್ ಮಾಡಿದಾಗ ತಾನಾಗಿಯೇ ಸಂಪರ್ಕ ಬರುವುದು ಈ ಕೀಲಿಗಳು ಹೊಂದುವುದರಿಂದ. ಫೋನನ್ನು ರೀಸೆಟ್ ಮಾಡಿದರೆ ಅಥವಾ ಒಂದು ಕಡೆಯ ಪಟ್ಟಿಯಿಂದ ಮಾತ್ರ ಹೆಸರನ್ನು ಅಳಿಸಿದರೆ ಒಂದು ಪ್ರತಿ ಕಳೆದುಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಆಗ ಎಷ್ಟು ಸಲ ಒತ್ತಿದರೂ ಸಂಪರ್ಕ ಬಂದಂತಾಗಿ ಮರುಕ್ಷಣ ಕಡಿದುಹೋಗುತ್ತದೆ. ಇದಕ್ಕೆ ಮದ್ದು ಒಂದೇ. ಕಾರಿನ ಪಟ್ಟಿಯಿಂದ ಫೋನಿನ ಹೆಸರನ್ನೂ ಫೋನಿನ ಪಟ್ಟಿಯಿಂದ ಕಾರಿನ ಹೆಸರನ್ನೂ ಅಳಿಸಿ, ಮೊದಲಿನಿಂದ ಜೋಡಿಸಬೇಕು. ಒಂದೇ ಕಡೆ ಅಳಿಸಿ, ‘ಏನು ಮಾಡಿದರೂ ಆಗುತ್ತಿಲ್ಲ’ ಎನ್ನುವವರೇ ಹೆಚ್ಚು.

ಜೋಡಣೆಯಾದ ಮೇಲೆ ಬ್ಲೂಟೂತಿನ ಒಳಗೇ ದಾರಿಗಳು ಕವಲೊಡೆಯುತ್ತವೆ. ಕರೆಗೆ ಮೀಸಲಾದ ದಾರಿಯಲ್ಲಿ ಮಾತು ಎರಡೂ ದಿಕ್ಕಿಗೆ ಹರಿಯಬೇಕು, ತಡವಾಗಬಾರದು. ಅದಕ್ಕಾಗಿ ಧ್ವನಿಯ ಗುಣಮಟ್ಟವನ್ನು ಕಡಿಮೆ ಮಾಡಿರುತ್ತಾರೆ. ಹಾಡಿನ ದಾರಿಯಲ್ಲಿ ಧ್ವನಿ ಒಂದೇ ದಿಕ್ಕಿಗೆ ಹೋಗುತ್ತದೆ, ಸ್ಟೀರಿಯೊ ಆಗಿರುತ್ತದೆ, ಒಂದಿಷ್ಟು ತಡವಾದರೂ ಯಾರಿಗೂ ತಿಳಿಯುವುದಿಲ್ಲ. ಸಂಪರ್ಕಗಳ ಪಟ್ಟಿಗೆ ಮತ್ತೊಂದು ದಾರಿ ಇದೆ. ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಪುಟದಲ್ಲಿ ಕಾರಿನ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿದರೆ ಇವೆಲ್ಲ ಬೇರೆ ಬೇರೆ ಸ್ವಿಚ್‌ಗಳಾಗಿ ಕಾಣುತ್ತವೆ. ಅನೇಕ ಫೋನುಗಳಲ್ಲಿ ಅವುಗಳ ಹೆಸರು Phone calls, Media audio, Contact sharing. ಹಾಡು ಬರುತ್ತಿದ್ದು ಕರೆ ಬಾರದಿದ್ದರೆ ಮೊದಲನೆಯ ಸ್ವಿಚ್ ಆಫ್ ಆಗಿರುತ್ತದೆ. ಕರೆ ಬಂದು ಹಾಡು ಬಾರದಿದ್ದರೆ ಎರಡನೆಯದನ್ನು ನೋಡಬೇಕು. ಪರದೆಯಲ್ಲಿ ಅಣ್ಣನ ಹೆಸರಿನ ಬದಲು ಬರೀ ನಂಬರ್ ಕಾಣುತ್ತಿದ್ದರೆ ಮೂರನೆಯದು.

ಬ್ಲೂಟೂತ್ ಮಾತ್ರ ಇರುವ ಕಾರಿನಲ್ಲಿ, ಫೋನಿನ ಮ್ಯಾಪ್ ‘ಮುಂದೆ ಎಡಕ್ಕೆ ತಿರುಗಿ’ ಎನ್ನುವ ಮಾತು ಸಾಮಾನ್ಯವಾಗಿ ಹಾಡಿನ ದಾರಿಯಲ್ಲೇ ಬರುತ್ತದೆ. ಕಾರಿನಲ್ಲಿ ಎಫ್‌ಎಂ ಹಾಕಿಕೊಂಡಿದ್ದರೆ ಆ ಮಾತು ಯಾರ ಕಿವಿಗೂ ಬೀಳದೆ ತಿರುವು ಹಿಂದೆ ಹೋಗಿರುತ್ತದೆ. ಹಾಡು ತೀರಾ ಸಣ್ಣಗೆ ಕೇಳುವುದಕ್ಕೂ ಇಷ್ಟೇ ಸರಳ ಕಾರಣವಿರಬಹುದು: ಅನೇಕ ಕಾರುಗಳಲ್ಲಿ ಫೋನಿನ ವಾಲ್ಯೂಮ್ ಬೇರೆ, ಕಾರಿನದು ಬೇರೆ. ಮೊದಲು ಫೋನಿನದನ್ನು ಏರಿಸಿ, ಆಮೇಲೆ ಕಾರಿನದನ್ನು ಹೊಂದಿಸಿಕೊಳ್ಳಬೇಕು.

ಕರೆಯಲ್ಲಿ ಅತ್ತಲಿನವರಿಗೆ ತಮ್ಮ ಮಾತೇ ಮರಳಿ ಕೇಳುವುದು ಇನ್ನೊಂದು ಸಾಮಾನ್ಯ ತೊಂದರೆ. ಚಾಲಕನಿಗೆ ಎಲ್ಲವೂ ಸರಿಯಾಗಿಯೇ ಕೇಳಿಸುವುದರಿಂದ ಅವನು ನೆಟ್‌ವರ್ಕನ್ನು ಬೈಯುತ್ತಾನೆ. ನಿಜದಲ್ಲಿ ಕಾರಿನ ಸ್ಪೀಕರಿನಿಂದ ಬಂದ ಮಾತು ಕಾರಿನ ಮೈಕಿಗೆ ಬಿದ್ದು ಹಿಂದಿರುಗುತ್ತಿರುತ್ತದೆ. ಅದನ್ನು ಅಳಿಸುವ ವ್ಯವಸ್ಥೆ ಸ್ಟೀರಿಯೊದಲ್ಲಿ ಇರುತ್ತದಾದರೂ ಸದ್ದು ವಿಪರೀತವಾದಾಗ ಅದು ಸೋಲುತ್ತದೆ. ವಾಲ್ಯೂಮ್ ಎರಡು ಮೂರು ಮೆಟ್ಟಿಲು ಇಳಿಸಿದರೆ ಪ್ರತಿಧ್ವನಿ ನಿಲ್ಲುತ್ತದೆ. ಮೈಕು ಬಹಳಷ್ಟು ಕಾರುಗಳಲ್ಲಿ ಚಾವಣಿಯ ದೀಪದ ಬಳಿ ಇರುತ್ತದೆ; ಏಸಿಯ ಗಾಳಿ ನೇರವಾಗಿ ಅತ್ತ ಬೀಸಿದರೆ ಕೇಳುವವರಿಗೆ ಮಾತಿಗಿಂತ ಗಾಳಿಯೇ ಜೋರಾಗುತ್ತದೆ.

ಮ್ಯಾಪಿನ ಚಿತ್ರ ಬ್ಲೂಟೂತಿನಲ್ಲಿ ಬರಲಾರದು. ಮಾತು, ಹಾಡು ಹಗುರ; ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರ ಭಾರ. ಈ ಬಗೆಯ ಬ್ಲೂಟೂತಿನ ವೇಗ ಲೆಕ್ಕದಲ್ಲೇ ಸೆಕೆಂಡಿಗೆ 3 ಮೆಗಾಬಿಟ್, ಯುಎಸ್‌ಬಿ 2.0 ಕೇಬಲಿನದು 480. ಹಾಗಾಗಿ ಚಿತ್ರಕ್ಕೆ ಕೇಬಲ್ ಬೇಕು, ಇಲ್ಲವೇ ವೈಫೈ ಬೇಕು. ಈ ಕೆಲಸಕ್ಕಾಗಿಯೇ 2014ರಲ್ಲಿ ಆ್ಯಪಲ್ ಕಾರ್‌ಪ್ಲೇಯನ್ನೂ ಗೂಗಲ್ ಆಂಡ್ರಾಯ್ಡ್ ಆಟೋವನ್ನೂ ಪ್ರಕಟಿಸಿದವು. ಎರಡರ ತಿರುಳೂ ಒಂದೇ: ಮ್ಯಾಪನ್ನು ಬಿಡಿಸುವುದು, ದಾರಿ ಲೆಕ್ಕ ಹಾಕುವುದು, ಇಂಟರ್‌ನೆಟ್ಟಿನಿಂದ ಟ್ರಾಫಿಕ್ ತರುವುದು ಎಲ್ಲವೂ ಫೋನಿನ ಕೆಲಸ. ಫೋನು ಆ ಚಿತ್ರವನ್ನು ವಿಡಿಯೊ ಆಗಿ ಕಾರಿಗೆ ಕಳುಹಿಸುತ್ತದೆ, ಪರದೆಯ ಮೇಲೆ ಬೆರಳು ಎಲ್ಲಿ ಬಿತ್ತೆಂದು ಕಾರು ಹಿಂದಕ್ಕೆ ತಿಳಿಸುತ್ತದೆ. ಕಾರಿನ ಸ್ಕ್ರೀನು ಇಲ್ಲಿ ಮುಕ್ಕಾಲು ಪಾಲು ಕನ್ನಡಿ. ಆದ್ದರಿಂದ ಮ್ಯಾಪ್ ತಡವರಿಸಿದರೆ ಹಳೆಯದಾಗಿರುವುದು ಕಾರಲ್ಲದೆ ಫೋನೂ ಆಗಿರಬಹುದು.

ಕೇಬಲಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಯುಎಸ್‌ಬಿ 2.0 ಕೇಬಲಿನಲ್ಲಿ ಮುಖ್ಯವಾಗಿ ನಾಲ್ಕು ತಂತಿಗಳು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಎಷ್ಟೋ ಚಾರ್ಜಿಂಗ್ ಕೇಬಲುಗಳಲ್ಲಿ ಮಾಹಿತಿಯ ಎರಡು ತಂತಿಗಳು ಇರುವುದೇ ಇಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದೂ ಇಲ್ಲ. ಕಂಡುಹಿಡಿಯಲು ಅದೇ ಕೇಬಲಿನಲ್ಲಿ ಫೋನನ್ನು ಕಂಪ್ಯೂಟರಿಗೆ ಸೇರಿಸಿ, ಫೋಟೊಗಳನ್ನು ವರ್ಗಾಯಿಸಲು ನೋಡಬೇಕು. ಕಂಪ್ಯೂಟರಿಗೆ ಫೋನು ಕಾಣದೆ ಬರೀ ಚಾರ್ಜ್ ಆದರೆ ಕೇಬಲಿನದೇ ತಪ್ಪು. ಕಂಪ್ಯೂಟರಿನಲ್ಲಿ ಸರಿಯಿದ್ದು ಕಾರಿನಲ್ಲಿ ಬಾರದಿದ್ದರೆ ಕೇಬಲನ್ನು ಯಾವ ಸಾಕೆಟ್ಟಿಗೆ ಹಾಕಿದೆ ಎಂದು ನೋಡಬೇಕು, ಏಕೆಂದರೆ ಕಾರಿನಲ್ಲಿ ನಾಲ್ಕು ಸಾಕೆಟ್ಟುಗಳಿದ್ದರೂ ಮಾಹಿತಿ ಸಾಗುವುದು ಬಹುಮಟ್ಟಿಗೆ ಮುಂದಿನ ಒಂದರಲ್ಲಿ ಮಾತ್ರ. ಹಿಂದಿನ ಸೀಟಿನವು ಚಾರ್ಜಿಂಗಿಗಷ್ಟೇ.

ಹಂಪ್ ಹಾರಿದಾಗಲೆಲ್ಲ ಮ್ಯಾಪ್ ಹೋಗಿ ಬರುತ್ತಿದ್ದರೆ ಫೋನಿನ ಸಾಕೆಟ್ಟನ್ನೇ ಟಾರ್ಚ್ ಹಾಕಿ ನೋಡಬೇಕು. ಜೇಬಿನ ಬಟ್ಟೆಯ ಎಳೆ, ದೂಳು ಅಲ್ಲಿ ಒತ್ತಿ ಕುಳಿತು ಪ್ಲಗ್ಗು ಪೂರ್ತಿ ಒಳಹೋಗದಂತೆ ಮಾಡುತ್ತದೆ. ಚಾರ್ಜಿಂಗ್ ಅಲುಗಾಟವನ್ನು ಸಹಿಸುತ್ತದೆ. ವಿಡಿಯೊ ಒಂದು ಕ್ಷಣ ಕಡಿದರೂ ಸಂಪರ್ಕವೇ ಮುರಿಯುತ್ತದೆ. ಫೋನನ್ನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಬರುವ ಕಸ ಕೆಲವೊಮ್ಮೆ ನಂಬಲಾಗದಷ್ಟಿರುತ್ತದೆ. ಸೂಜಿ, ಪಿನ್ನು ಬೇಡ.

ಕೇಬಲ್ ಹಾಕಿದ ಮೇಲೂ ಬ್ಲೂಟೂತ್ ಏಕೆ ಆನ್ ಆಗುತ್ತದೆ ಎಂಬುದು ಆಂಡ್ರಾಯ್ಡ್ ಫೋನಿನವರ ಪ್ರಶ್ನೆ. ಆಂಡ್ರಾಯ್ಡ್ ಆಟೋದಲ್ಲಿ ಹಾಡು, ಮ್ಯಾಪಿನ ಚಿತ್ರ, ಮ್ಯಾಪಿನ ಮಾತು ಕೇಬಲಿನಲ್ಲಿ ಬರುತ್ತವೆ. ಕರೆಯ ಮಾತು ಮಾತ್ರ ಬ್ಲೂಟೂತಿನಲ್ಲೇ ಸಾಗುತ್ತದೆ. ಬ್ಯಾಟರಿ ಉಳಿಸಲೆಂದು ಬ್ಲೂಟೂತ್ ಆಫ್ ಮಾಡಿದವರಿಗೆ ಮ್ಯಾಪ್ ಇದ್ದೂ ಕರೆ ಇಲ್ಲದಂತಾಗುವುದು ಇದರಿಂದಲೇ. ಐಫೋನಿನ ಕಾರ್‌ಪ್ಲೇಯಲ್ಲಿ ಹೀಗಿಲ್ಲ, ಕೇಬಲ್ ಹಾಕಿದರೆ ಕರೆಯೂ ಅದರಲ್ಲೇ ಬರುತ್ತದೆ.

ಕೇಬಲ್ ಬೇಡದ ವೈರ್‌ಲೆಸ್ ಜೋಡಣೆಯಲ್ಲಿ ಚಿತ್ರದ ಮಟ್ಟಿಗೆ ಬ್ಲೂಟೂತ್ ಮಧ್ಯಸ್ಥಿಕೆಯನ್ನಷ್ಟೇ ವಹಿಸುತ್ತದೆ. ಫೋನನ್ನು ಗುರುತಿಸಿ, ಕಾರಿನ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಅದಕ್ಕೆ ಹೇಳುತ್ತದೆ. ಆಮೇಲೆ ಚಿತ್ರ ವೈಫೈಯಲ್ಲಿ ಸಾಗುತ್ತದೆ. ಅನುಕೂಲಕ್ಕೆ ತಕ್ಕ ಬೆಲೆ ಬಿಸಿ. ವೈಫೈ, ಮೊಬೈಲ್ ಡೇಟಾ, ಜಿಪಿಎಸ್ ಒಟ್ಟಿಗೆ ದುಡಿಯುತ್ತಿರುವ ಫೋನನ್ನು ಬಿಸಿಲಿಗೆ ಇಟ್ಟರೆ ಅದು ಕಾದು ನಿಧಾನವಾಗುತ್ತದೆ, ಚಾರ್ಜಿಂಗನ್ನೂ ನಿಲ್ಲಿಸಬಹುದು. ಅಂಗಡಿಯಲ್ಲಿ ಸಿಗುವ ವೈರ್‌ಲೆಸ್ ಡಾಂಗಲ್ ಕಾರಿನ ಯುಎಸ್‌ಬಿಗೆ ಕೇಬಲಿನಲ್ಲಿ ಬಂದ ಫೋನಿನಂತೆ ನಟಿಸುವ ಪೆಟ್ಟಿಗೆ. ಕೇಬಲಿನ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೊದಲೇ ಇರುವ ಕಾರಿನಲ್ಲಿ ಮಾತ್ರ ಅದು ನಡೆಯುತ್ತದೆ. ಇಲ್ಲದ ಕಾರಿಗೆ ಅದು ಏನನ್ನೂ ತಂದುಕೊಡದು.

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಆಂಡ್ರಾಯ್ಡ್ ಫೋನಿನೊಡನೆ ಕೇಬಲ್ ಹಾಕಿ ಈ ದಾರಿ ಹಿಡಿಯುವವರ ಕೆಲಸ ಹಿಂದಿನ ರಾತ್ರಿ ಮನೆಯ ವೈಫೈಯಲ್ಲೇ ಶುರುವಾಗಬೇಕು. ಗೂಗಲ್ ಮ್ಯಾಪ್ಸಿನಲ್ಲಿ ತಮ್ಮ ಚಿತ್ರವನ್ನು ಒತ್ತಿ, Offline maps ತೆರೆದು, ಚೌಕಟ್ಟನ್ನು ಹಾಸನದಿಂದ ಮಂಗಳೂರಿನವರೆಗೆ ಎಳೆದು ಇಳಿಸಿಕೊಂಡರೆ ಘಾಟಿಯಲ್ಲಿ ಸಿಗ್ನಲ್ ಹೋದಾಗಲೂ ದಾರಿ ಕಾಣುತ್ತದೆ. ಮುಂದೆ ಲಾರಿ ಕೆಟ್ಟು ನಿಂತು ಸಾಲುಗಟ್ಟಿದೆಯೇ ಎಂಬುದು ಮಾತ್ರ ಆಗ ತಿಳಿಯದು, ಟ್ರಾಫಿಕ್ಕಿನ ಸುದ್ದಿಗೆ ಇಂಟರ್‌ನೆಟ್ ಬೇಕೇ ಬೇಕು. ಸಿಗ್ನಲ್ ಇಲ್ಲದಿದ್ದರೂ ಕಾರಿನ ಗುರುತು ಸರಿಯಾಗಿ ಚಲಿಸುತ್ತಿರುತ್ತದೆ, ಏಕೆಂದರೆ ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ, ತೆರೆದ ಆಕಾಶ ಸಾಕು. ಗುರುತು ದಾರಿ ಬಿಟ್ಟು ಕಾಡಿನೊಳಗೆ ಹಾರಿದರೆ ಫೋನನ್ನು ಗ್ಲವ್ ಬಾಕ್ಸಿನಿಂದ ತೆಗೆದು ಮುಂದಿನ ಗಾಜಿನ ಬಳಿಗೆ ತರಬೇಕು. ಹೊರಡುವ ಮುನ್ನವೇ ಊರಿನ ಹೆಸರನ್ನು ಟೈಪ್ ಮಾಡಿಕೊಳ್ಳುವುದು ಒಳಿತು. ಕಾರು ಚಲಿಸತೊಡಗಿದ ಮೇಲೆ ಪರದೆಯ ಕೀಬೋರ್ಡಿಗೆ ಬೀಗ ಬೀಳುತ್ತದೆ, ಆಮೇಲೆ ಬಾಯಲ್ಲಿ ಹೇಳುವುದೊಂದೇ ದಾರಿ. ಹಾಡುಗಳಿಗೂ ಇದೇ ಮಾತು: ಫೋನಿಗೆ ಇಳಿಸಿಕೊಂಡವು ಘಾಟಿಯಲ್ಲಿ ನುಡಿಯುತ್ತವೆ, ಉಳಿದವು ಮಾರನಹಳ್ಳಿ ದಾಟುವಷ್ಟರಲ್ಲಿ ಮೌನವಾಗಬಹುದು.

ಬಾಡಿಗೆ ಕಾರಿನಲ್ಲಿ ಇದೆಲ್ಲ ಮಾಡುವಾಗ ಒಂದು ಪ್ರಶ್ನೆಗೆ ‘ಬೇಡ’ ಎನ್ನಬೇಕು. ಬ್ಲೂಟೂತ್ ಜೋಡಿಸಿದಾಗ ಸಂಪರ್ಕಗಳನ್ನೂ ಕರೆಗಳ ಪಟ್ಟಿಯನ್ನೂ ಹಂಚಿಕೊಳ್ಳಲೇ ಎಂದು ಫೋನು ಕೇಳುತ್ತದೆ. ಒಪ್ಪಿದರೆ ಅವು ಕಾರಿಗೆ ನಕಲಾಗುತ್ತವೆ, ಮತ್ತು ಕೆಲವು ಕಾರುಗಳು ಫೋನು ದೂರ ಹೋದ ಮೇಲೂ ಅವನ್ನು ಇಟ್ಟುಕೊಳ್ಳುತ್ತವೆ. ಬ್ಲೂಟೂತಿನ ಪುಟದಲ್ಲಿ ಹಿಂದಿನ ಬಾಡಿಗೆದಾರರ ಫೋನುಗಳ ಹೆಸರು ಸಾಲಾಗಿ ಕಾಣುವುದು ಸಾಮಾನ್ಯ. ಕಾರನ್ನು ಹಿಂದಿರುಗಿಸುವಾಗ ಆ ಪಟ್ಟಿಯಿಂದ ತಮ್ಮ ಫೋನನ್ನು ಅಳಿಸಬೇಕು. ಸ್ವಂತ ಕಾರನ್ನು ಮಾರುವಾಗ ಅಷ್ಟು ಸಾಲದು. ಕೀಲಿ ಕೊಡುವ ಮುನ್ನ ಸ್ಟೀರಿಯೊದ ಸೆಟ್ಟಿಂಗ್ಸಿಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಹೆಸರು, ನಂಬರುಗಳ ಜೊತೆಗೆ ಮನೆಯ ವಿಳಾಸವೂ ಅಳಿಸಿಹೋಗುತ್ತದೆ.