ಪತ್ರಿಕೆಗೂ ಮೊದಲು ಹೋಗುವ ಸುದ್ದಿ

2023ರ ಜೂನ್ 16ರ ಶುಕ್ರವಾರ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ನಟ ಅಭಿಷೇಕ್ ಅಂಬರೀಶ್ ಮದುವೆಯ ಬೀಗರ ಊಟ ನಡೆಯಿತು. ಧಾರೆ ಜೂನ್ 5ರಂದೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆಗಿಹೋಗಿತ್ತು, 7ರಂದು ಅಲ್ಲೇ ಆರತಕ್ಷತೆಯೂ ಮುಗಿದಿತ್ತು. ಆದರೆ ಮಂಡ್ಯ ಜಿಲ್ಲೆಯ ಜನಕ್ಕೆ ಆ ಮದುವೆ ಎಂದರೆ 16ನೇ ತಾರೀಖೇ. ಮೂರು ದಿನ ಕಳೆದರೆ ಆಷಾಢ. ಜನ ಸಾವಿರಗಟ್ಟಲೆ ಬಂದರು, ನೂಕುನುಗ್ಗಲಾಯಿತು, ಎಷ್ಟೋ ಮಂದಿ ಎಲೆ ಮುಂದೆ ಕೂರಲಾಗದೆ ವಾಪಸಾದ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಅಷ್ಟು ದೊಡ್ಡ ಮನೆಯ ಮದುವೆಯನ್ನು ಬಿಡಿ, ಮಳವಳ್ಳಿಯ ಒಬ್ಬ ಮೇಷ್ಟ್ರ ಮಗಳ ಮದುವೆಗೂ ಈ ಲೆಕ್ಕ ತಪ್ಪಿದ್ದಲ್ಲ. ನಮ್ಮ ಕಡೆ ಒಂದು ಮದುವೆಗೆ ಮೂರು ದಿನ, ಅನೇಕ ಸಲ ಎರಡು ಊರು. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ, ಆಮೇಲೊಂದು ದಿನ ಗಂಡಿನ ಊರಲ್ಲಿ ಬೀಗರ ಊಟ. ಲಗ್ನಪತ್ರಿಕೆ ಅಚ್ಚಾಗಿ, ಅರಿಶಿನ ಹಚ್ಚಿ, ಮನೆಮನೆಗೆ ಹೋಗುವ ಹೊತ್ತಿಗೆ ಮದುವೆಗೆ ಎರಡು ಮೂರು ವಾರ ಉಳಿದಿರುತ್ತದೆ. ಬೆಂಗಳೂರಿನಲ್ಲಿ ರಜೆ ಕೇಳಬೇಕಾದವರಿಗೆ, ಹೊರದೇಶದಿಂದ ಟಿಕೆಟ್ ಮಾಡಿಸಬೇಕಾದವರಿಗೆ ಅದು ಸಾಲದು. ಅದಕ್ಕೇ ಈಗ ಲಗ್ನ ಕಟ್ಟಿಸಿದ ವಾರದಲ್ಲೇ ವಾಟ್ಸ್ಆ್ಯಪ್‌ನಲ್ಲಿ ಒಂದು ಮುಂಗಡ ಸುದ್ದಿ ಹೋಗುತ್ತದೆ. ಹುಡುಗ ಹುಡುಗಿಯ ಫೋಟೊ, ಕೆಳಗೊಂದು ತಾರೀಖು, ಹೂವಿನ ಅಂಚು. ನೋಡಲು ಚೆನ್ನಾಗಿರುತ್ತದೆ, ಆದರೆ ನೆಂಟರು ಕೇಳುವ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ. ಒಂದೇ ತಾರೀಖು ಇದ್ದರೆ ಅದು ಆರತಕ್ಷತೆಯದೋ ಧಾರೆಯದೋ ಎಂದು ಪ್ರತಿಯೊಬ್ಬರೂ ಫೋನ್ ಮಾಡುತ್ತಾರೆ. ಮಾಡದವರು ಧಾರೆ ಮುಗಿದ ಮೇಲೆ ಬಂದು ಇಳಿಯುತ್ತಾರೆ.

ತಾರೀಖಿನ ಮಾತನ್ನೇ ಮೊದಲು ನೋಡೋಣ. ಆಷಾಢ, ಧನುರ್ಮಾಸ, ಪಿತೃಪಕ್ಷ ಮತ್ತು ಅಧಿಕಮಾಸದಲ್ಲಿ ಮದುವೆ ಇಡುವುದಿಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ನಡುವೆ ನಿಜ ಜ್ಯೇಷ್ಠದ ಒಂದೇ ತಿಂಗಳು, ಜುಲೈ ನಡುವಿನಿಂದ ಆಷಾಢ. ಹುಡುಗ ಹುಡುಗಿ ಇಬ್ಬರೂ ಮನೆಗೆ ಹಿರಿಯರಾದರೆ ಆ ಜ್ಯೇಷ್ಠವೂ ಬೇಡ ಎನ್ನುವ ಮನೆಗಳಿವೆ. ಹೀಗೆ ಮುಹೂರ್ತ ಕಡಿಮೆಯಾದ ವರ್ಷ ಒಂದೇ ಭಾನುವಾರಕ್ಕೆ ನಾಲ್ಕೈದು ಮದುವೆ ಬೀಳುತ್ತವೆ. ಮಂಟಪದವರು ಮುಂಗಡ ಕೇಳುವುದು ಇರಲಿ, ನೆಂಟರೇ ಹಂಚಿಹೋಗುತ್ತಾರೆ. ಅಂಥ ವರ್ಷ ಸುದ್ದಿ ಯಾರದು ಮೊದಲು ತಲುಪುತ್ತದೋ ಅವರ ಮನೆಗೆ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ, ಉಳಿದ ಮನೆಗೆ ಒಬ್ಬರೇ.

ಪಂಚಾಂಗದಲ್ಲಿ ಇಲ್ಲದ ತೊಡಕೂ ಒಂದಿದೆ. ಮಾರಿಹಬ್ಬಕ್ಕೆ ಊರಲ್ಲಿ ಸಾರು ಹಾಕಿದ ಮೇಲೆ ರಾತ್ರಿ ಹೊರಗೆ ಉಳಿಯಬಾರದು ಎನ್ನುವ ಕಟ್ಟು ಇನ್ನೂ ಕೆಲವು ಹಳ್ಳಿಗಳಲ್ಲಿದೆ. ಮಳವಳ್ಳಿಯಲ್ಲಿ ಪಟ್ಟಲದಮ್ಮನ ಸಿಡಿಹಬ್ಬ ಬಂದರೆ ಪೇಟೆಯ ಪ್ರತಿ ಮನೆಯಲ್ಲೂ ಅವರವರ ನೆಂಟರೇ ತುಂಬಿರುತ್ತಾರೆ. ಲಗ್ನ ಕಟ್ಟಿಸುವ ಮುಂಚೆ ಎರಡೂ ಕಡೆಯ ಊರಿನ ಯಜಮಾನರನ್ನು ಹಬ್ಬದ ವಾರ ಯಾವುದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬೀಗರ ಊಟಕ್ಕೆ ದಿನ ನೋಡುವಾಗ ಸೋಮವಾರ, ಶನಿವಾರ ಬಿಡಬೇಕು. ಆ ದಿನ ಮಾಂಸ ಮುಟ್ಟದವರು ನಮ್ಮಲ್ಲಿ ಬಹಳ. ಧಾರೆ ಸೋಮವಾರವಾದರೆ ಬೀಗರ ಊಟ ಮಂಗಳವಾರವೋ ಬುಧವಾರವೋ ಎಂಬುದನ್ನು ಆಗಲೇ ನಿರ್ಧರಿಸಿ ಮುಂಗಡ ಸುದ್ದಿಯಲ್ಲೇ ಹಾಕಿಬಿಡಬೇಕು. ಆಮೇಲೆ ತಿಳಿಸುತ್ತೇವೆ ಎಂದರೆ ಜನ ಎರಡಕ್ಕೂ ಬರಲಾಗದೆ ಧಾರೆಯನ್ನೇ ಬಿಡುತ್ತಾರೆ.

ಜಾಗದ ವಿಷಯ ಹೆದ್ದಾರಿಯಿಂದಾಗಿ ಬದಲಾಗಿದೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯ ಸಭೆಯಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹತ್ತು ಪಥದ ರಸ್ತೆ ಮದ್ದೂರು ಪೇಟೆಯನ್ನು ಮೇಲಿನಿಂದ ದಾಟಿಸುತ್ತದೆ, ಮಂಡ್ಯವನ್ನು ಬೈಪಾಸಿನಲ್ಲಿ ಬಳಸಿಕೊಂಡು ಹೋಗುತ್ತದೆ. ಮಂಡ್ಯದ ಮಂಟಪಕ್ಕೆ ಬರುವವರು ಬೈಪಾಸಿಗೆ ಮುಂಚೆ ಸರ್ವೀಸ್ ರಸ್ತೆಗೆ ಇಳಿಯದಿದ್ದರೆ ಶ್ರೀರಂಗಪಟ್ಟಣದ ದಾರಿ ಹಿಡಿದಿರುತ್ತಾರೆ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಸುತ್ತಲ ಹಳ್ಳಿಯ ಬಹುಪಾಲು ನೆಂಟರು ಬರುವುದು ಬೈಕಿನಲ್ಲಿ. ಬರೀ ಲೊಕೇಶನ್ ಕಳಿಸಿದರೆ ಅದು ಕಾರಿನ ದಾರಿಯನ್ನೇ ತೋರಿಸುತ್ತದೆ. ಮಂಟಪ ಹೆದ್ದಾರಿಯ ಯಾವ ಮಗ್ಗುಲಲ್ಲಿದೆ, ಯಾವ ಅಂಡರ್‌ಪಾಸಿನಲ್ಲಿ ತಿರುಗಬೇಕು ಎಂದು ಎರಡು ಸಾಲು ಬರೆದರೆ ಹಳ್ಳಿಯವರಿಗೂ ಪಟ್ಟಣದವರಿಗೂ ಆಗುತ್ತದೆ. ಮಳವಳ್ಳಿಗೆ ರೈಲಿಲ್ಲ. ಮದ್ದೂರಿನಲ್ಲಿ ಇಳಿದು ಸುಮಾರು 25 ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು. ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿರುವವರು ಕನಕಪುರದ ಮೇಲೆ ಬರಬಹುದು, ಅದನ್ನೂ ಒಂದು ಮಾತು ಹೇಳಿ.

ಬಟ್ಟೆಯ ಬಗ್ಗೆ ಮುಂಚಿತವಾಗಿ ಹೇಳುವುದಕ್ಕೆ ಮುಖ್ಯ ಕಾರಣ ದರ್ಜಿ. ಮದುವೆ ಕಾಲದಲ್ಲಿ ರವಿಕೆ ಕೈಗೆ ಬರಲು ವಾರಗಟ್ಟಲೆ ಬೇಕು. ಸೀರೆಗೆ ಫಾಲ್ ಹಾಕಿಸಿ, ಸೆರಗಿನ ಎಳೆ ಬಿಡಿಸಿ ಕುಚ್ಚು ಕಟ್ಟಲು ಕೊಟ್ಟರೆ ಇನ್ನೊಂದು ವಾರ. ಹಾಗೆಂದು ಎಲ್ಲರಿಗೂ ಒಂದು ಬಣ್ಣ ಗೊತ್ತುಮಾಡುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಂಜೆಗಾಗಿ ಆರು ಜನರ ಮನೆಯೊಂದು ಹೊಸ ಬಟ್ಟೆ ಕೊಳ್ಳುವುದು ದೊಡ್ಡ ಖರ್ಚು, ಬಾಯಿಬಿಟ್ಟು ಹೇಳದೆ ಅವರು ಬರುವುದನ್ನೇ ಬಿಟ್ಟುಬಿಡಬಹುದು. ಬಣ್ಣ ಬೇಕೇಬೇಕೆಂದರೆ ಹುಡುಗಿಯ ಜೊತೆ ನಿಲ್ಲುವ ಅಕ್ಕತಂಗಿಯರಿಗೆ ಮಾತ್ರ ಇರಲಿ, ಸೀರೆ ಮನೆಯವರೇ ಕೊಡಿಸಲಿ. ಹೇಳಬೇಕಾದವರು ಬೇರೆ ಇದ್ದಾರೆ. ಧಾರೆಯಲ್ಲಿ ಕೈಹಾಕುವ ಸೋದರಮಾವಂದಿರಿಗೆ ಪಂಚೆ ಶಲ್ಯ ಬೇಕು. ಕಳಶ ಹಿಡಿಯುವವರು, ಆರತಿ ಎತ್ತುವ ಮುತ್ತೈದೆಯರು ಬೆಳಗಿನ ಜಾವಕ್ಕೇ ರೇಷ್ಮೆ ಸೀರೆಯುಟ್ಟು ಸಿದ್ಧವಾಗಿರಬೇಕು. ಇವರಿಗೆ ಹೆಸರು ಹಿಡಿದು ಹೇಳಬೇಕು. ಉಳಿದವರಿಗೆ ಧಾರೆಗೆ ಕಪ್ಪು ಬೇಡ, ಬೀಗರ ಊಟಕ್ಕೆ ಹತ್ತಿ ಬಟ್ಟೆ ಸಾಕು ಎಂದರೆ ಮುಗಿಯಿತು. ಶಾಮಿಯಾನದ ಕೆಳಗೆ ಮುದ್ದೆ, ಬೋಟಿ ಗೊಜ್ಜು ಉಣ್ಣುವಾಗ ಕಾಂಜೀವರಂ ಸೀರೆಯ ಗತಿ ಏನಾಗುತ್ತದೆಂದು ಉಟ್ಟವರಿಗೇ ಗೊತ್ತು.

ಇನ್ನು ಉಡುಗೊರೆ. ಮುಂಗಡ ಸುದ್ದಿಯಲ್ಲಿ ಅತಿ ಕಷ್ಟದ ಸಾಲು ಇದೇ. ಪತ್ರಿಕೆಯ ಕೊನೆಯಲ್ಲಿ ಆಶೀರ್ವಾದವೇ ಉಡುಗೊರೆ ಎಂದು ಅಚ್ಚುಹಾಕಿಸುವುದು ವಾಡಿಕೆ. ಅದನ್ನು ಓದಿ ಬರಿಗೈಲಿ ಬಂದವರು ಕಡಿಮೆ. ನಮ್ಮ ಜನ ಮದುವೆಗೆ ತರುವ ಹಣದಲ್ಲಿ ಬಹುಪಾಲು ಉಡುಗೊರೆ ಅಲ್ಲ, ಮುಯ್ಯಿ. ಅವರ ಮನೆಯ ಮದುವೆಯಲ್ಲಿ ನೀವು 500 ಹಾಕಿದ್ದಿರಿ. ಮಂಟಪದ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕುಳಿತವರು ನಿಮ್ಮ ಹೆಸರು, ಊರು, ಮೊತ್ತ ಬರೆದುಕೊಂಡರು. ಆ ಪುಸ್ತಕ ಅವರ ಬೀರುವಿನಲ್ಲಿ ಇದೆ. ನಿಮ್ಮ ಮನೆಯಲ್ಲಿ ಮದುವೆ ಎಂದಾಗ ಅವರು ಹಳೆಯ ಪುಟ ತೆಗೆದು ನೋಡಿ, ಅಷ್ಟಕ್ಕೆ ಮೇಲೊಂದಿಷ್ಟು ಸೇರಿಸಿ ತರುತ್ತಾರೆ. ಮೇಲೆ ಸೇರಿಸಿದ್ದು ಮುಂದಿನ ಸಲ ನೀವು ತೀರಿಸಬೇಕಾದದ್ದು. ಬ್ಯಾಂಕಿನ ಸಾಲ ಸಿಗದ ಮನೆಗಳಲ್ಲೂ ಮದುವೆ ನಡೆದದ್ದು ಹೀಗೆ ಬಂದ ಹಣದಿಂದ.

ಈಗ ನೀವು ಉಡುಗೊರೆ ಖಂಡಿತ ಬೇಡ ಎಂದು ಬರೆದರೆ, ನಿಮಗೆ ತೀರಿಸಬೇಕಾದ ಮುಯ್ಯಿ ಇಟ್ಟುಕೊಂಡಿರುವ ವಯಸ್ಸಾದ ಅತ್ತೆಯೊಬ್ಬರಿಗೆ ಅದು ಹೇಗೆ ಕೇಳಿಸುತ್ತದೆ? ನಮ್ಮ ಋಣವೂ ಬೇಡವಾಯಿತೇ ಎನಿಸುತ್ತದೆ. ತೀರಿಸಲು ಇನ್ನೊಂದು ಸಂದರ್ಭಕ್ಕಾಗಿ ಅವರು ಎಷ್ಟು ವರ್ಷ ಕಾಯಬೇಕು? ಇತ್ತ ಏನೂ ಬರೆಯದಿದ್ದರೆ ಕೈ ಕಟ್ಟಿದ ವರ್ಷದಲ್ಲಿರುವ ರೈತ ನೆಂಟ, ಮುಯ್ಯಿಗೆ ಹಣವಿಲ್ಲವೆಂದು ಬರದೇ ಉಳಿಯುತ್ತಾನೆ. ಎರಡೂ ಆಗಬಾರದು. ವಸ್ತು ಬೇಡ ಎನ್ನುವುದನ್ನು ಬರೆಯಬಹುದು, ಗೋಡೆ ಗಡಿಯಾರ, ಸ್ಟೀಲ್ ಪಾತ್ರೆ ಬೇಡ ಎಂದರೆ ಯಾರೂ ನೊಂದುಕೊಳ್ಳುವುದಿಲ್ಲ. ಮುಯ್ಯಿಯ ಮಾತನ್ನು ಬರಹದಲ್ಲಿ ತರದೆ, ಅರಿಶಿನ ಕುಂಕುಮ ಕೊಟ್ಟು ಕರೆಯಲು ಹೋದ ಹಿರಿಯರು ಎದುರಿಗೇ ಹೇಳಬೇಕು. ಈಗ ಕೆಲವರು ಮುಂಗಡ ಸುದ್ದಿಯಲ್ಲೇ ಹಣ ಹಾಕುವ ಕ್ಯೂಆರ್ ಕೋಡ್ ಇಡುತ್ತಾರೆ. ಅದು ಕೇಳಿದ ಹಾಗಾಗುತ್ತದೆ, ಖಂಡಿತ ಬೇಡ.

ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮಂತ್ರಮಾಂಗಲ್ಯಕ್ಕೆ ಬರೆದ ಪತ್ರದಲ್ಲಿ ಬರುವುದೇ ಬೇಡ, ಇದ್ದಲ್ಲಿಂದಲೇ ಹರಸಿ ಎಂಬ ಕೋರಿಕೆ ಇತ್ತು. ಅದು ಮದುವೆಯನ್ನೇ ಬೇರೆ ರೀತಿ ನಡೆಸಿದವರ ಮಾತು. ಊರೆಲ್ಲ ಕರೆದು, ಛತ್ರ ಹಿಡಿದು ಮಾಡುವವರು ಅದರಿಂದ ಒಂದು ಸಾಲು ಮಾತ್ರ ಎತ್ತಿಕೊಂಡರೆ ಹೊಂದುವುದಿಲ್ಲ.

ಹುಡುಗಿ ಮಳವಳ್ಳಿಯವಳು, ಹುಡುಗ ಮದ್ದೂರು ತಾಲ್ಲೂಕಿನ ಹಳ್ಳಿಯವನು, ಮಂಟಪ ಮಂಡ್ಯದಲ್ಲಿ ಎಂದಿಟ್ಟುಕೊಳ್ಳಿ. ಮೇಲಿನದೆಲ್ಲ ಸೇರಿ ಸುದ್ದಿ ಹೀಗಿರಬಹುದು:

"ನಮ್ಮ ಮಗಳ ಮದುವೆ ಗೊತ್ತಾಗಿದೆ. ಭಾನುವಾರ ಸಂಜೆ 7ಕ್ಕೆ ಆರತಕ್ಷತೆ, ಸೋಮವಾರ ಬೆಳಿಗ್ಗೆ 9ರಿಂದ 10ರೊಳಗೆ ಧಾರೆ, ಎರಡೂ ಮಂಡ್ಯದ ಮಂಟಪದಲ್ಲಿ. ಬೀಗರ ಊಟ ಬುಧವಾರ ಮಧ್ಯಾಹ್ನ, ಗಂಡಿನ ಊರಲ್ಲಿ. ಬೆಂಗಳೂರಿನಿಂದ ಬರುವವರು ಬೈಪಾಸ್ ಹತ್ತದೆ ಸರ್ವೀಸ್ ರಸ್ತೆಯಲ್ಲಿ ಪೇಟೆಗೆ ಬನ್ನಿ. ರಾತ್ರಿ ಉಳಿಯುವವರು ತಿಳಿಸಿ, ರೂಮು ಇಡಿಸುತ್ತೇವೆ. ಧಾರೆಗೆ ಕಪ್ಪು ಬಿಟ್ಟು ಯಾವ ಬಣ್ಣವಾದರೂ ಸರಿ. ಪಾತ್ರೆ ಪಡಗ, ಹೂಗುಚ್ಛ ತರಬೇಡಿ, ನೀವು ಬರುವುದೇ ನಮಗೆ ಬೇಕಾದದ್ದು. ಪತ್ರಿಕೆ ಹಿಡಿದು ಮನೆಗೆ ಬರುತ್ತೇವೆ."

ಆ ಕೊನೆಯ ವಾಕ್ಯ ಬಿಡಬಾರದು. ಅದಿಲ್ಲದಿದ್ದರೆ ಫೋನಿನಲ್ಲೇ ಕರೆದು ಮುಗಿಸಿದರು ಎಂಬ ಮುನಿಸು ಹುಟ್ಟುತ್ತದೆ.

ಮುಯ್ಯಿ ಬರೆಯುವ ಮೇಜಿನ ಮೇಲೆ ಎರಡು ಪುಸ್ತಕ ಇರಲಿ. ಒಂದು ಮನೆಯ ಮುಯ್ಯಿಗೆ, ಇನ್ನೊಂದು ಹುಡುಗ ಹುಡುಗಿಗೆ ಬಂದ ಉಡುಗೊರೆಗೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಬೇಡಿಕೆಯಿಲ್ಲದೆ ಕೊಟ್ಟ ಉಡುಗೊರೆಯನ್ನು ವರದಕ್ಷಿಣೆ ಎನ್ನುವುದಿಲ್ಲ, ಆದರೆ ಅದಕ್ಕೆ ಪಟ್ಟಿ ಇಡಬೇಕು ಎನ್ನುತ್ತದೆ. 1985ರ ನಿಯಮದ ಪ್ರಕಾರ ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟರಾದರೆ ಏನಾಗಬೇಕು ಎಂದು ಮದುವೆಯ ಹೊತ್ತಿಗೇ ಅಥವಾ ಆದ ಕೂಡಲೇ ಬರೆದು, ಹುಡುಗ ಹುಡುಗಿ ಇಬ್ಬರೂ ಸಹಿ ಹಾಕಬೇಕು. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿಯ ಕೈಯಲ್ಲೇ ಇರಬೇಕು. ತವರಿನವರು ಹಾಕಿದ ಒಡವೆಯನ್ನು ಅದರಲ್ಲಿ ಮೊದಲು ಬರೆಸಿ. ಮುಯ್ಯಿ ಪುಸ್ತಕವನ್ನು ಅಷ್ಟು ಜೋಪಾನ ಮಾಡುವ ಮನೆಗಳಲ್ಲಿ ಈ ಪಟ್ಟಿ ಮಾತ್ರ ಇರುವುದಿಲ್ಲ, ಮುಂದೆ ತಕರಾರು ಬಂದಾಗ ಅದನ್ನೇ ಕೇಳುತ್ತಾರೆ.

ಸುದ್ದಿಯನ್ನು ಗ್ರೂಪಿಗೆ ಹಾಕುವ ಮುಂಚೆ ಹುಡುಗಿಯ ಸೋದರಮಾವನಿಗೆ, ದೊಡ್ಡಪ್ಪ ಚಿಕ್ಕಪ್ಪಂದಿರಿಗೆ, ಮದುವೆಯಾಗಿ ಹೋದ ಸೋದರತ್ತೆಯರಿಗೆ ಅಪ್ಪ ಅಮ್ಮನೇ ಫೋನ್ ಮಾಡಿ ಹೇಳಿರಬೇಕು. ಹುಡುಗಿ ತನ್ನ ಸ್ಟೇಟಸ್‌ನಲ್ಲಿ ಹಾಕುವುದು ಅದಾದ ಮರುದಿನ.