ಹಾಲಿನ ಚೀಟಿ ಆ್ಯಪ್ ತೋರಿಸಿದವರು ನಾವು

ಹ್ಯಾಕಥಾನ್ ಮುಗಿದ ಮರುದಿನ ರಿಕ್ರೂಟರ್‌ಗಳ ಇನ್‌ಬಾಕ್ಸ್‌ಗೆ ಒಂದೇ ಅಚ್ಚಿನ ಸಂದೇಶಗಳು ಬಂದು ಬೀಳುತ್ತವೆ. ‘ನಿನ್ನೆ ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು ಮೇಡಂ. ನಿಮ್ಮ ಕಂಪನಿಯಲ್ಲಿ ಅವಕಾಶವಿದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.’ ಬರೆದ ಹುಡುಗನ ವಿನಯದಲ್ಲಿ ಕೊರತೆಯಿಲ್ಲ, ವಾಕ್ಯಗಳಲ್ಲಿ ತಪ್ಪಿಲ್ಲ. ಆದರೆ ಓದುವವರಿಗೆ ಅವನು ಯಾರೆಂಬುದು ತಿಳಿಯುವುದಿಲ್ಲ. ದಿನವಿಡೀ ಮೇಜಿಂದ ಮೇಜಿಗೆ ನಡೆದು ಹತ್ತಾರು ತಂಡಗಳ ವಿವರಣೆ ಕೇಳಿದವರ ತಲೆಯಲ್ಲಿ ಉಳಿದಿರುವುದು ಹೆಸರುಗಳಲ್ಲ. ‘ಆ ಡ್ರೋನ್ ಹುಡುಗರು’, ‘ಬಸ್ ಪಾಸ್ ಹುಡುಗಿ’, ‘ಕೊನೆಗೆ ಸ್ಕ್ರೀನ್ ಕೈಕೊಟ್ಟ ತಂಡ’ ಎಂಬಂಥ ಗುರುತುಗಳು ಮಾತ್ರ.

ಹೀಗಾಗಿ ಸಂದೇಶದ ಮೊದಲ ಸಾಲಿನಲ್ಲಿ ಬರೆದವರ ಹೆಸರಿಗಿಂತ ಮುಂಚೆ ಅವರು ತೋರಿಸಿದ ಪ್ರಾಜೆಕ್ಟ್ ಬರಬೇಕು.

ಆ ಸಂದೇಶಕ್ಕೆ ಓದುಗರು ಇಬ್ಬರು ಎಂಬುದನ್ನು ಹೆಚ್ಚಿನ ವಿದ್ಯಾರ್ಥಿಗಳು ಗಮನಿಸಿರುವುದಿಲ್ಲ. ಮೊದಲನೆಯವರು ರಿಕ್ರೂಟರ್. ಅವರು ಅಭ್ಯರ್ಥಿಗಳನ್ನು ಹುಡುಕುತ್ತಾರೆ, ಸಂದರ್ಶನಗಳನ್ನು ಗೊತ್ತುಮಾಡುತ್ತಾರೆ. ಆದರೆ ಕೋಡ್ ನೋಡಿ ‘ಇವರನ್ನು ಕರೆಯೋಣ’ ಎನ್ನುವವರು ಸಾಮಾನ್ಯವಾಗಿ ಕೆಲಸ ಖಾಲಿಯಿರುವ ತಂಡದ ಎಂಜಿನಿಯರ್ ಅಥವಾ ಮ್ಯಾನೇಜರ್. ರಿಕ್ರೂಟರ್ ಆ ಸಂದೇಶವನ್ನು ಅವರಿಗೆ ದಾಟಿಸುತ್ತಾರೆ, ಜೊತೆಗೆ ತಮ್ಮದೊಂದು ಸಾಲು ಸೇರಿಸುತ್ತಾರೆ. ಆ ಒಂದು ಸಾಲನ್ನು ಅವರೇ ಕುಳಿತು ಯೋಚಿಸಬೇಕಾದರೆ ಕೆಲಸ ನಾಳೆಗೆ ಹೋಗುತ್ತದೆ, ನಾಳಿದ್ದಿಗೆ ಮರೆತೇ ಹೋಗುತ್ತದೆ. ವಿದ್ಯಾರ್ಥಿಯೇ ಅದನ್ನು ಬರೆದುಕೊಟ್ಟಿದ್ದರೆ ಸಂದೇಶ ಇದ್ದಂತೆಯೇ ಮುಂದೆ ಸಾಗುತ್ತದೆ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಹಾಸನದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಕೊನೆಯ ವರ್ಷದ ವಿದ್ಯಾರ್ಥಿನಿ ಮತ್ತು ಅವಳ ಮೂವರು ಗೆಳೆಯರು ಬೆಂಗಳೂರಿನ ಹ್ಯಾಕಥಾನ್ ಒಂದಕ್ಕೆ ಬರುತ್ತಾರೆ. ಅವರು ಮಾಡಿದ್ದು ಹಾಲಿನ ಚೀಟಿ ಓದುವ ಆ್ಯಪ್. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಹಾಕಿದಾಗ ಯಂತ್ರದಿಂದ ಚಿಕ್ಕ ಚೀಟಿ ಬರುತ್ತದೆ. ಅದರಲ್ಲಿ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು ಎಂದಿರುತ್ತದೆ. ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬನ್ನು ಬಿಟ್ಟು ಉಳಿದ ಘನಾಂಶ. ದರ ನಿಂತಿರುವುದು ಈ ಎರಡು ಅಂಕಿಗಳ ಮೇಲೆ. ಚೀಟಿಯ ಫೋಟೊ ತೆಗೆದರೆ ಆ್ಯಪ್ ಅಂಕಿಗಳನ್ನು ಓದಿ, ಬಟವಾಡೆಯ ದಿನ ಎಷ್ಟು ಹಣ ಬರಬೇಕೆಂದು ಲೆಕ್ಕ ಹಾಕುತ್ತದೆ. ಓದುವ ಕೆಲಸಕ್ಕೆ ಅವರು ಬಳಸಿದ್ದು ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ.

ಅವಳ ಮೇಜಿನ ಬಳಿ ನಿಂತ ರಿಕ್ರೂಟರ್ ಒಂದು ಪ್ರಶ್ನೆ ಕೇಳಿದರು: ‘ಚೀಟಿ ಮಾಸಿದ್ದರೆ ಏನಮ್ಮಾ ಮಾಡ್ತೀರಿ?’ ಪ್ರಶ್ನೆ ಸರಿಯಾಗಿಯೇ ಇತ್ತು. ಇಂಥ ಚೀಟಿಗಳು ಶಾಖಕ್ಕೆ ಬಣ್ಣ ತಿರುಗುವ ಥರ್ಮಲ್ ಕಾಗದದವು. ಜೇಬಿನಲ್ಲಿ, ಬಿಸಿಲಿನಲ್ಲಿ ಬೇಗ ಮಸುಕಾಗುತ್ತವೆ. ಮಸುಕಾದ ಚೀಟಿಯಲ್ಲಿ ಮೊದಲು ಕಾಣೆಯಾಗುವುದು ದಶಮಾಂಶದ ಚುಕ್ಕಿ. 8.5 ಇದ್ದ ಎಸ್‌ಎನ್‌ಎಫ್ 85 ಆಗುತ್ತದೆ, ಲೆಕ್ಕ ಹಳ್ಳ ಹಿಡಿಯುತ್ತದೆ. ಅವತ್ತು ತಂಡದ ಬಳಿ ಪೂರ್ಣ ಉತ್ತರವಿರಲಿಲ್ಲ.

ಸಂದೇಶಕ್ಕೆ ಬೇಕಾದ ವಸ್ತು ಇದ್ದದ್ದು ಈ ಪ್ರಶ್ನೆಯಲ್ಲಿಯೇ. ರಿಕ್ರೂಟರ್ ತಾವೇ ಆಡಿದ ಮಾತು ಅದು, ಆದ್ದರಿಂದ ಮುಖ ನೆನಪಾಗದಿದ್ದರೂ ಪ್ರಶ್ನೆ ನೆನಪಾಗುತ್ತದೆ. ಊರಿಗೆ ಹಿಂತಿರುಗಿದ ವಿದ್ಯಾರ್ಥಿನಿ ಆ ಸಂಜೆ ಮಾಡಿದ್ದು ಚಿಕ್ಕ ತಿದ್ದುಪಡಿ. ಹಸುವಿನ ಹಾಲಿನ ಎಸ್‌ಎನ್‌ಎಫ್ ಸಾಮಾನ್ಯವಾಗಿ 7ರಿಂದ 10ರ ಒಳಗೇ ಇರುತ್ತದೆ. ಓದಿದ ಅಂಕಿ ಆ ಮಿತಿ ಮೀರಿದರೆ ಆ್ಯಪ್ ತಾನೇ ಊಹಿಸದೆ, ಚೀಟಿಯ ಆ ಭಾಗವನ್ನು ದೊಡ್ಡದು ಮಾಡಿ ತೋರಿಸಿ ರೈತರನ್ನೇ ಕೇಳುವಂತೆ ಮಾಡಿದಳು. ನಂತರ ಈ ಸಂದೇಶ ಬರೆದಳು. ಬೆಂಗಳೂರಿನ ಕಂಪನಿಗಳಿಗೆ ಇಂಥದ್ದನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಕಳಿಸುತ್ತಾರೆ. ತಿರುಳು ಇದು:

‘ಮೇಡಂ, ನಮಸ್ಕಾರ. ಭಾನುವಾರದ ಹ್ಯಾಕಥಾನ್‌ನಲ್ಲಿ ಹಾಲಿನ ಚೀಟಿ ಓದುವ ಆ್ಯಪ್ ತೋರಿಸಿದ ತಂಡದವಳು ನಾನು. ಚೀಟಿ ಮಾಸಿದ್ದರೆ ಏನು ಮಾಡುತ್ತೀರಿ ಎಂದು ನೀವು ಕೇಳಿದ್ದಿರಿ. ನಮ್ಮ 40 ಚೀಟಿಗಳಲ್ಲಿ 31 ಮಾತ್ರ ಸರಿಯಾಗಿ ಓದಿದ್ದವು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ದಶಮಾಂಶದ ಚುಕ್ಕಿ ಬಿಟ್ಟುಹೋಗಿತ್ತು. ಈಗ ಅಂಕಿ ಅನುಮಾನ ಬಂದರೆ ಆ್ಯಪ್ ಬಳಕೆದಾರರನ್ನು ಕೇಳುತ್ತದೆ. ತಂಡದಲ್ಲಿ ಚೀಟಿ ಓದಿಸುವ ಭಾಗ ಮತ್ತು ಈ ತಪಾಸಣೆ ನನ್ನದು. ಒಂದು ನಿಮಿಷದ ವಿಡಿಯೊ ಮತ್ತು ಕೋಡ್ ಕೊಂಡಿ ಕೆಳಗಿದೆ. ನಿಮ್ಮ ವೆಬ್‌ಸೈಟ್‌ನಲ್ಲಿರುವ ಬ್ಯಾಕೆಂಡ್ ಇಂಟರ್ನ್ ಹುದ್ದೆಗೆ ನಿನ್ನೆ ಅರ್ಜಿ ಹಾಕಿದ್ದೇನೆ, ಹುದ್ದೆಯ ಸಂಖ್ಯೆ ಇಲ್ಲಿದೆ. ಆ ತಂಡದವರಿಗೆ ಇದನ್ನು ದಾಟಿಸಲು ಸಾಧ್ಯವೇ?’

ಇದರಲ್ಲಿ ‘ತಂಡದಲ್ಲಿ ನನ್ನದು’ ಎಂಬ ವಾಕ್ಯ ಬಹಳ ಮುಖ್ಯ. ಹ್ಯಾಕಥಾನ್ ಎಂದರೆ ಗುಂಪಿನ ಕೆಲಸ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಒಂದೊಂದು ತಂಡದಲ್ಲಿ ಆರು ಮಂದಿ, ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು ಎಡೆಬಿಡದ 36 ಗಂಟೆ. ಆರು ಮಂದಿಯೂ ‘ನಾನು ಈ ಆ್ಯಪ್ ಮಾಡಿದೆ’ ಎಂದು ಬರೆದರೆ ರಿಕ್ರೂಟರ್ ಕೈಗೆ ಒಂದೇ ಆ್ಯಪ್‌ನ ಆರು ಒಡೆಯರು ಸಿಗುತ್ತಾರೆ. ಸಂದೇಶ ಎಂಜಿನಿಯರ್ ಕೈಗೆ ಹೋದಾಗ ಅದು ಬಯಲಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಗಿಟ್‌ಹಬ್‌ನಲ್ಲಿ ಯಾವ ಸಾಲನ್ನು ಯಾವ ಖಾತೆಯಿಂದ, ಯಾವಾಗ ಸೇರಿಸಲಾಯಿತು ಎಂಬ ದಾಖಲೆ ಇರುತ್ತದೆ. ಇದಕ್ಕೊಂದು ಮಗ್ಗುಲಿದೆ: ರಾತ್ರಿ ಎಲ್ಲರೂ ಒಂದೇ ಲ್ಯಾಪ್‌ಟಾಪ್‌ನಿಂದ ಕೋಡ್ ಸೇರಿಸಿದ್ದರೆ, ನಿಜವಾಗಿ ಬರೆದವರ ಹೆಸರೇ ಆ ದಾಖಲೆಯಲ್ಲಿ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಪ್ರಾಜೆಕ್ಟ್‌ನ ವಿವರಣೆಯ ಪುಟದಲ್ಲಿ ಯಾರು ಯಾವ ಭಾಗ ಮಾಡಿದರು ಎಂದು ನಾಲ್ವರೂ ಒಪ್ಪಿ ಬರೆದಿಡುವುದು ಒಳ್ಳೆಯದು.

ಸೋತ ಅಂಕಿಯನ್ನು ಹೇಳಿಕೊಳ್ಳುವುದು ಕೆಲವರಿಗೆ ಮುಜುಗರ. 40ರಲ್ಲಿ 9 ಚೀಟಿ ತಪ್ಪಿದವು ಎಂದು ಬರೆದರೆ ಕೆಲಸ ಕೊಡುತ್ತಾರೆಯೇ ಎಂಬ ಅಂಜಿಕೆ. ಎಂಜಿನಿಯರ್ ಕಣ್ಣಿಗೆ ಆ ಸಾಲು ಬೇರೆಯೇ ಆಗಿ ಕಾಣುತ್ತದೆ. ಇವರು ಪರೀಕ್ಷೆ ಮಾಡಿದ್ದಾರೆ, ಎಣಿಸಿದ್ದಾರೆ, ತಪ್ಪು ಯಾಕೆ ಬಂತೆಂದು ಹುಡುಕಿದ್ದಾರೆ ಎಂಬುದು ಅಲ್ಲಿದೆ. ‘ನಮ್ಮ ಆ್ಯಪ್ ಅತ್ಯಂತ ನಿಖರ’ ಎಂಬ ವಾಕ್ಯದಿಂದ ಇದ್ಯಾವುದೂ ತಿಳಿಯುವುದಿಲ್ಲ.

ಇನ್ನು ಕೊಂಡಿಯ ವಿಷಯ. ಚೆನ್ನಾಗಿ ಬರೆದ ಸಂದೇಶಗಳು ಸಾಯುವುದು ಹೆಚ್ಚಾಗಿ ಇಲ್ಲಿಯೇ. ವಿದ್ಯಾರ್ಥಿಗಳು ಆ್ಯಪ್ ಅನ್ನು ಉಚಿತ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಉದಾಹರಣೆಗೆ ರೆಂಡರ್ ಎಂಬ ಸೇವೆಯ ಉಚಿತ ಯೋಜನೆಯಲ್ಲಿ, 15 ನಿಮಿಷ ಯಾರೂ ಬರದಿದ್ದರೆ ಆ್ಯಪ್ ಮಲಗುತ್ತದೆ. ಮತ್ತೆ ಎದ್ದೇಳಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಹ್ಯಾಕಥಾನ್ ದಿನ ಜನ ಒತ್ತುತ್ತಲೇ ಇದ್ದುದರಿಂದ ತಂಡಕ್ಕೆ ಇದು ಗೊತ್ತಾಗಿರುವುದೇ ಇಲ್ಲ. ರಿಕ್ರೂಟರ್ ಮಧ್ಯಾಹ್ನ ಎರಡು ಮೀಟಿಂಗ್‌ಗಳ ನಡುವೆ ಫೋನಿನಲ್ಲಿ ಒತ್ತಿದಾಗ ಬರೀ ಚಕ್ರ ತಿರುಗುತ್ತದೆ. ಅವರು ಆ್ಯಪ್ ಕೆಟ್ಟಿದೆ ಎಂದುಕೊಂಡು ಮುಚ್ಚುತ್ತಾರೆ. ಅದಕ್ಕೇ ಅವಳು ಸಂದೇಶದಲ್ಲಿ ಮೊದಲು ಇಟ್ಟದ್ದು ವಿಡಿಯೊ. ಕೊಂಡಿಗಳು ಬೇರೆಯವರಿಗೂ ತೆರೆಯುತ್ತವೆಯೇ ಎಂದು ತಿಳಿಯಲು ಸುಲಭ ದಾರಿಯಿದೆ: ಯಾವ ಖಾತೆಗೂ ಲಾಗಿನ್ ಆಗದ ಬ್ರೌಸರ್ ಕಿಟಕಿಯಲ್ಲಿ, ಇಲ್ಲವೇ ಮನೆಯವರ ಫೋನಿನಲ್ಲಿ ಒತ್ತಿ ನೋಡುವುದು. ಖಾಸಗಿಯಾಗಿಯೇ ಉಳಿದ ಗಿಟ್‌ಹಬ್ ಪುಟ ಹೊರಗಿನವರಿಗೆ 404 ಎಂದೇ ತೋರಿಸುತ್ತದೆ.

ಕೋಡ್ ಅನ್ನು ಸಾರ್ವಜನಿಕ ಮಾಡುವ ಮುನ್ನ ಇನ್ನೆರಡು ಕಡೆ ಕಣ್ಣಾಡಿಸಬೇಕು. ಆತುರದಲ್ಲಿ ಕೋಡ್‌ನೊಳಗೇ ಬರೆದ ಪಾಸ್‌ವರ್ಡ್, ಎಪಿಐ ಕೀಲಿಗಳು ಅಲ್ಲೇ ಉಳಿದಿರುತ್ತವೆ. ಈಗ ಅಳಿಸಿದರೂ ಗಿಟ್‌ನ ಹಳೆಯ ದಾಖಲೆಯಲ್ಲಿ ಅವು ಸಿಗುತ್ತವೆ, ಆದ್ದರಿಂದ ಆ ಕೀಲಿಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು. ಎರಡನೆಯದು ಪರೀಕ್ಷೆಗೆ ಬಳಸಿದ ಚೀಟಿಗಳ ಫೋಟೊ. ಅವುಗಳ ಮೇಲೆ ಊರಿನ ರೈತರ ಹೆಸರು, ಸದಸ್ಯ ಸಂಖ್ಯೆ, ಅವರಿಗೆ ಬಂದ ಹಣ ಇರುತ್ತದೆ. ಅಪ್ಪನ ಸ್ನೇಹಿತರು ನಂಬಿ ಕೊಟ್ಟ ಚೀಟಿಗಳು ಅವು. ಹೆಸರು ಮಸಿ ಬಳಿದು ಇಡುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ, ನೋಡುವ ಎಂಜಿನಿಯರ್ ಕೂಡ ಅದನ್ನು ಗಮನಿಸುತ್ತಾರೆ.

ರಿಕ್ರೂಟರ್‌ರ ಇಮೇಲ್ ಇಲ್ಲದೆ ಲಿಂಕ್ಡ್‌ಇನ್ ಮಾತ್ರ ಇದ್ದರೆ ಇಡೀ ಸಂದೇಶ ಹಿಡಿಸುವುದಿಲ್ಲ. ಸಂಪರ್ಕ ಕೋರುವಾಗ ಉಚಿತ ಖಾತೆಯವರು ಬರೆಯಬಹುದಾದ ಟಿಪ್ಪಣಿಗೆ 200 ಅಕ್ಷರಗಳ ಮಿತಿಯಿದೆ, ತಿಂಗಳಿಗೆ ಅಂಥ ಟಿಪ್ಪಣಿಗಳೂ ಕೆಲವೇ. ಅಲ್ಲಿ ಸ್ವಪರಿಚಯಕ್ಕೆ ಜಾಗ ಕೊಡದೆ ಪ್ರಾಜೆಕ್ಟ್ ಮತ್ತು ಪ್ರಶ್ನೆ ಇಷ್ಟನ್ನೇ ಇಡಬೇಕು: ‘ಮೇಡಂ, ಭಾನುವಾರ ಹಾಲಿನ ಚೀಟಿ ಆ್ಯಪ್ ತೋರಿಸಿದ ತಂಡದವಳು. ಮಾಸಿದ ಚೀಟಿಯ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಮಾಡಿದ್ದೇವೆ, ಕಳಿಸಲೇ?’ ಅವರು ಒಪ್ಪಿದ ಮೇಲೆ ಉಳಿದದ್ದು.

ಮೀಟಪ್‌ಗಳಲ್ಲಿ ಸ್ಥಿತಿ ತುಸು ಬೇರೆ. ಅಲ್ಲಿ ಮೇಜು, ಬ್ಯಾನರ್, ತೀರ್ಪುಗಾರರು ಇರುವುದಿಲ್ಲ. ಟೀ ವಿರಾಮದಲ್ಲಿ ಫೋನಿನ ಪರದೆಯ ಮೇಲೆ ಎರಡು ನಿಮಿಷ ತೋರಿಸಿರುತ್ತಾರೆ, ಅಷ್ಟೇ. ಪ್ರಾಜೆಕ್ಟ್‌ನ ಹೆಸರು ಹೇಳಿದರೂ ಗುರುತು ಸಿಗದಿರಬಹುದು. ಆಗ ಜಾಗ ಮತ್ತು ಹೊತ್ತು ಹೇಳಬೇಕಾಗುತ್ತದೆ: ಯಾವ ಭಾಷಣದ ನಂತರ, ಎಲ್ಲಿ ನಿಂತು ಮಾತನಾಡಿದ್ದು, ಅವರು ಏನು ಕೇಳಿದ್ದು.

ಸಂದೇಶ ಹೋಗಬೇಕಾದದ್ದು ಭೇಟಿಯಾದ ಮರುದಿನ, ತಡವಾದರೆ ಅದರ ಮರುದಿನ. ಉತ್ತರ ಬರದಿದ್ದರೆ ವಾರ ಕಳೆದ ಮೇಲೆ ಒಂದು ಸಲ ಬರೆಯಬಹುದು. ‘ನನ್ನ ಮೇಲ್ ನೋಡಿದಿರಾ’ ಎಂದಷ್ಟೇ ಕೇಳಿದರೆ ಪ್ರಯೋಜನ ಕಡಿಮೆ. ನಮ್ಮ ವಿದ್ಯಾರ್ಥಿನಿಯ ಬಳಿ ಆಗ ಹೇಳಲು ಹೊಸತೊಂದು ಇರುತ್ತದೆ: ಊರಿನ ಸಂಘದ ಕಾರ್ಯದರ್ಶಿ ಆ್ಯಪ್ ನೋಡಿ, ಎಮ್ಮೆ ಹಾಲಿನ ಚೀಟಿಗಳನ್ನೂ ಕೊಟ್ಟರು; ಎಮ್ಮೆ ಹಾಲಿಗೆ ಫ್ಯಾಟ್ ಹೆಚ್ಚಿರುವುದರಿಂದ ಮಿತಿಗಳನ್ನು ಬೇರೆಯಾಗಿ ಇಡಬೇಕಾಯಿತು. ಇದು ಎರಡೇ ಸಾಲು, ಹಳೆಯ ಸಂದೇಶದ ಕೆಳಗೇ ಬರೆಯಬೇಕಾದದ್ದು, ಓದುವವರಿಗೆ ಹಿಂದಿನದೆಲ್ಲ ಒಟ್ಟಿಗೆ ಕಾಣಲಿ ಎಂದು.

ಅದಾದ ಮೇಲೂ ಮೌನವಿದ್ದರೆ ಕಾರಣ ಸಂದೇಶದಲ್ಲೇ ಇರಬೇಕೆಂದಿಲ್ಲ. ಹುದ್ದೆಯೇ ರದ್ದಾಗಿರಬಹುದು, ಆ ವರ್ಷದ ಇಂಟರ್ನ್‌ಗಳು ಕಾಲೇಜುಗಳಿಂದಲೇ ಆಯ್ಕೆಯಾಗಿ ಮುಗಿದಿರಬಹುದು, ರಿಕ್ರೂಟರ್ ಆ ಕಂಪನಿಯನ್ನೇ ಬಿಟ್ಟಿರಬಹುದು. ಗುತ್ತಿಗೆಯ ಮೇಲೆ ಕೆಲಸ ಮಾಡುವ ರಿಕ್ರೂಟರ್‌ಗಳು ಬಹಳ ಮಂದಿ, ಅವರ ಕಂಪನಿಯ ಇಮೇಲ್ ಗುತ್ತಿಗೆ ಮುಗಿದ ದಿನವೇ ನಿಲ್ಲುತ್ತದೆ. ವೆಬ್‌ಸೈಟ್‌ನಲ್ಲಿ ಅರ್ಜಿಯನ್ನೂ ಹಾಕಿರಬೇಕು ಎಂದು ಅನುಭವಸ್ಥರು ಹೇಳುವುದು ಇದಕ್ಕೇ. ಅರ್ಜಿ ಕಂಪನಿಯ ವ್ಯವಸ್ಥೆಯಲ್ಲಿ ಉಳಿದಿರುತ್ತದೆ, ಮುಂದೆ ಆ ಕುರ್ಚಿಗೆ ಬಂದವರು ಹುದ್ದೆಯ ಸಂಖ್ಯೆಯಿಂದ ಹುಡುಕಿದಾಗ ಅದು ಸಿಗುತ್ತದೆ.